ತಾರೆಯ ಹಠಾತ್ ನಿಧನ: ಮೊದಲ ಸಾಲಿನಿಂದ ತಿದ್ದುಪಡಿಯವರೆಗೆ ವರದಿ ಮಾಡುವ ಕ್ರಮ

ಜನಪ್ರಿಯ ನಟರೊಬ್ಬರು ಹಠಾತ್ತಾಗಿ ತೀರಿಕೊಂಡ ದಿನ ನಮ್ಮ ಸುದ್ದಿಮನೆಗಳಲ್ಲಿ ಆಗುವ ತಪ್ಪುಗಳು ಪ್ರತಿ ಸಲವೂ ಒಂದೇ ಬಗೆಯವು. ಸಾವು ಖಚಿತವಾಗುವ ಮೊದಲೇ ಶ್ರದ್ಧಾಂಜಲಿ ಪ್ರಕಟವಾಗಿರುತ್ತದೆ. ವೈದ್ಯರು ಏನನ್ನಾದರೂ ಹೇಳುವ ಮೊದಲೇ ಸಾವಿನ ಕಾರಣ ತೀರ್ಮಾನವಾಗಿರುತ್ತದೆ. ಸಂಜೆಯ ಹೊತ್ತಿಗೆ ಕ್ಯಾಮೆರಾ ಮನೆಯ ಗೇಟು ದಾಟಿರುತ್ತದೆ. ಈ ಮೂರೂ ತಪ್ಪುಗಳನ್ನು ಮಾಡುವವರು ಕೆಟ್ಟವರೇನಲ್ಲ. ಕೆಲಸದ ಕ್ರಮ ಗೊತ್ತಿಲ್ಲದೆ, ಕೊನೆಗೆ ಬರೆಯಬೇಕಾದದ್ದನ್ನು ಮೊದಲು ಬರೆಯಲು ಹೋಗಿ ಎಡವುತ್ತಾರೆ. ಆದ್ದರಿಂದ ಡೆಸ್ಕಿನಲ್ಲಿ ಕೂರುವವರು, ಪೋರ್ಟಲ್ ನಡೆಸುವವರು, ಒಬ್ಬರೇ ಕ್ಯಾಮೆರಾ ಹಿಡಿದು ಯೂಟ್ಯೂಬ್ ಚಾನೆಲ್ ಮಾಡಿಕೊಂಡಿರುವವರು ಮತ್ತು ತಾಲ್ಲೂಕು ಕೇಂದ್ರಗಳ ವರದಿಗಾರರು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ 2021ರ ಅಕ್ಟೋಬರ್ 29ರ ಶುಕ್ರವಾರ, ಅಂದರೆ ಪುನೀತ್ ರಾಜ್‌ಕುಮಾರ್ ಅವರು ನಿಧನರಾದ ದಿನವನ್ನೇ ಮತ್ತೆ ಮತ್ತೆ ತೆಗೆದುಕೊಂಡಿದ್ದೇನೆ, ಏಕೆಂದರೆ ಆ ದಿನದ ಘಟನಾವಳಿ ನಮ್ಮಲ್ಲಿ ಬಹುಪಾಲು ಜನರಿಗೆ ನೆನಪಿದೆ.

## ಮೊದಲೇ ಕೈಯಲ್ಲಿರಬೇಕಾದದ್ದು

ಸುದ್ದಿ ಬಂದ ಮೇಲೆ ಹುಡುಕಲು ಹೊರಟರೆ ಸಿಗುವುದು ವಾಟ್ಸ್‌ಆ್ಯಪ್ ಮಾತ್ರ. ಹಾಗಾಗಿ ನಾಲ್ಕು ವಸ್ತುಗಳು ಮೊದಲೇ ಸಿದ್ಧವಿರಬೇಕು. ಮೊದಲನೆಯದು ದೂರವಾಣಿ ಪಟ್ಟಿ: ದೊಡ್ಡ ಆಸ್ಪತ್ರೆಗಳ ಸಾರ್ವಜನಿಕ ಸಂಪರ್ಕಾಧಿಕಾರಿಗಳು, ಆಯಾ ವಲಯದ ಡಿಸಿಪಿ ಕಚೇರಿ, ಚಲನಚಿತ್ರ ವಾಣಿಜ್ಯ ಮಂಡಳಿ, ಪ್ರಮುಖ ಕಲಾವಿದರ ಪ್ರಚಾರಕರ್ತರು ಅಥವಾ ಮ್ಯಾನೇಜರುಗಳು. ಈ ಪಟ್ಟಿಯಲ್ಲಿ ಕಲಾವಿದರ ಪತ್ನಿ, ಪತಿ ಅಥವಾ ಮಕ್ಕಳ ಸಂಖ್ಯೆ ಇರಬಾರದು. ಇದ್ದರೆ ಗಾಬರಿಯ ಹೊತ್ತಿನಲ್ಲಿ ಯಾರಾದರೊಬ್ಬರು ಅದಕ್ಕೇ ಕರೆ ಮಾಡುತ್ತಾರೆ. ಎರಡನೆಯದು ಜೀವನ ವಿವರದ ಸಿದ್ಧ ಪ್ರತಿ: ಹುಟ್ಟಿದ ದಿನ, ಚಿತ್ರಗಳು, ಪ್ರಶಸ್ತಿಗಳು, ಎಲ್ಲವೂ ಪರಿಶೀಲನೆಯಾದಂಥವು. ಮೂರನೆಯದು ಐದಾರು ಒಳ್ಳೆಯ ಛಾಯಾಚಿತ್ರಗಳು. ಇವು ಇಲ್ಲದಿದ್ದರೆ ಆಸ್ಪತ್ರೆಯ ಸ್ಟ್ರೆಚರಿನ ಚಿತ್ರವೇ ಮುಖಪುಟಕ್ಕೆ ಬಂದು ಕೂರುತ್ತದೆ.

ನಾಲ್ಕನೆಯದು ಒಂದು ಬಿಳಿ ಹಲಗೆ, ಇಲ್ಲದಿದ್ದರೆ ಒಂದು ದೊಡ್ಡ ಹಾಳೆ. ಅದರ ಮೇಲೆ ಮೂರು ಕಾಲಂ ಎಳೆಯಿರಿ: "ಖಚಿತ", "ಯಾರೋ ಹೇಳಿದ್ದು", "ಬರೆಯುವಂತಿಲ್ಲ". ಒಳಗೆ ಬರುವ ಪ್ರತಿ ಮಾಹಿತಿಯೂ ಗಂಟೆ, ನಿಮಿಷ ಮತ್ತು ಹೇಳಿದವರ ಹೆಸರಿನೊಂದಿಗೆ ಈ ಮೂರರಲ್ಲಿ ಒಂದಕ್ಕೆ ಹೋಗಬೇಕು. ಹಲಗೆಯ ಮೇಲೆ ಬರೆಯುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ. ಸ್ಕ್ರಾಲ್ ಬರೆಯುವವರು, ಫೇಸ್‌ಬುಕ್ ಪುಟ ನೋಡಿಕೊಳ್ಳುವವರು, ನೋಟಿಫಿಕೇಶನ್ ಕಳಿಸುವವರು ಮೂವರೂ ಮೊದಲ ಕಾಲಂ ನೋಡಿಯೇ ಬರೆಯಬೇಕು. ಸಣ್ಣ ಏರ್ಪಾಡಿನಂತೆ ಕಂಡರೂ ನಾನು ನೋಡಿದ ಬಹುತೇಕ ಎಡವಟ್ಟುಗಳು ಈ ಮೂವರು ಮೂರು ಬೇರೆ ಬೇರೆ ಕಡೆಯಿಂದ ಮಾಹಿತಿ ಎತ್ತಿಕೊಂಡಾಗಲೇ ಆದಂಥವು.

## ಹಂತ 1: ಸಾವು ಖಚಿತವಾಗುವ ತನಕ ಕಾಯುವುದು

ಒಬ್ಬರು ತೀರಿಕೊಂಡಿದ್ದಾರೆ ಎಂದು ಹೇಳುವ ಹಕ್ಕು ಮೂವರಿಗಿದೆ: ಕುಟುಂಬದ ಪರವಾಗಿ ಮಾತನಾಡುವವರು, ಚಿಕಿತ್ಸೆ ನೀಡಿದ ಆಸ್ಪತ್ರೆ ಮತ್ತು ಪ್ರಕರಣ ದಾಖಲಾಗಿದ್ದರೆ ಪೊಲೀಸರು. ಮೂವರಲ್ಲಿ ಒಬ್ಬರು ಹೆಸರು ಹೇಳಿಕೊಂಡು ಅಥವಾ ಸಹಿ ಮಾಡಿದ ಪ್ರಕಟಣೆಯ ಮೂಲಕ ತಿಳಿಸಿದಾಗ ಮಾತ್ರ ಸುದ್ದಿ ಮೊದಲ ಕಾಲಂಗೆ ಹೋಗಬೇಕು. ಸಚಿವರ ಸಂತಾಪದ ಟ್ವೀಟ್, ಸಹನಟರ ಕಂಬನಿ, ಮತ್ತೊಂದು ಚಾನೆಲ್ಲಿನ ಬ್ರೇಕಿಂಗ್ ಪಟ್ಟಿ, ಇವು ಯಾವುವೂ ಈ ಲೆಕ್ಕಕ್ಕೆ ಬರುವುದಿಲ್ಲ. ಸಂತಾಪ ಸೂಚಿಸುವ ಗಣ್ಯರು ಅನೇಕ ವೇಳೆ ನಮ್ಮದೇ ಟಿ.ವಿ. ನೋಡಿ ಟ್ವೀಟ್ ಮಾಡಿರುತ್ತಾರೆ, ಆ ಟ್ವೀಟನ್ನು ತೋರಿಸಿ ನಾವು ಸುದ್ದಿ ಖಚಿತವೆನ್ನುತ್ತೇವೆ. ಹತ್ತು ಕಡೆ ಕಂಡರೂ ಮೂಲ ಒಂದೇ ಆಗಿರುತ್ತದೆ.

2025ರ ನವೆಂಬರ್ 11ರಂದು ಹಿಂದಿ ನಟ ಧರ್ಮೇಂದ್ರ ಅವರು ತೀರಿಕೊಂಡರೆಂದು ದೇಶದ ಹಲವು ಮಾಧ್ಯಮಗಳು ಪ್ರಕಟಿಸಿದವು. ಅವರು ಬದುಕಿದ್ದರು. ಪತ್ನಿ ಹೇಮಾ ಮಾಲಿನಿ ಮತ್ತು ಮಗಳು ಇಬ್ಬರೂ ಬಹಿರಂಗವಾಗಿ ಅಲ್ಲಗಳೆಯಬೇಕಾಯಿತು. ಅವರ ನಿಧನವಾದದ್ದು ಅದೇ ತಿಂಗಳ 24ರಂದು. ಸುದ್ದಿ ಕೆಲವೇ ದಿನಗಳಲ್ಲಿ ನಿಜವಾಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಆದರೆ ಹಾಸಿಗೆ ಹಿಡಿದವರ ಪಕ್ಕದಲ್ಲಿ ಕುಳಿತ ಮನೆಯವರು, ಅವರ ಸಾವಿನ ಸುದ್ದಿಯನ್ನು ಅವರಿರುವಾಗಲೇ ಓದಬೇಕಾಗಿ ಬಂದದ್ದನ್ನು ಯಾವ ತಿದ್ದುಪಡಿಯೂ ಸರಿಪಡಿಸಲಾರದು.

ನಮ್ಮಲ್ಲಿ ಇನ್ನೊಂದು ಗೊಂದಲ ಪದೇಪದೇ ಆಗುತ್ತದೆ. ಸಂಚಾರಿ ವಿಜಯ್ ಅವರಿಗೆ 2021ರ ಜೂನ್‌ನಲ್ಲಿ ಬೈಕ್ ಅಪಘಾತವಾಗಿ ಮೆದುಳು ನಿಷ್ಕ್ರಿಯಗೊಂಡಾಗ, ವೈದ್ಯರು ಅಧಿಕೃತವಾಗಿ ಘೋಷಿಸುವ ಮೊದಲೇ ನಿಧನದ ಸುದ್ದಿ ಹರಿದಾಡಿತು. ಮೆದುಳು ನಿಷ್ಕ್ರಿಯವಾಗಿದೆ ಎಂದು ಆಸ್ಪತ್ರೆ ಹೇಳುವುದಕ್ಕೂ ನಿಧನದ ಘೋಷಣೆಗೂ ನಡುವೆ ಪರೀಕ್ಷೆಗಳಿರುತ್ತವೆ, ಅಂಗಾಂಗ ದಾನಕ್ಕೆ ಮನೆಯವರ ಒಪ್ಪಿಗೆ ಪಡೆಯುವ ಕೆಲಸವಿರುತ್ತದೆ, ದಾನದ ಸಿದ್ಧತೆಯಿರುತ್ತದೆ. ಆ ಅವಧಿಯಲ್ಲಿ ಆಸ್ಪತ್ರೆಯ ಮಾತನ್ನು ಅದು ಹೇಳಿದಂತೆಯೇ ಬರೆಯಿರಿ, ಒಂದು ಹೆಜ್ಜೆ ಮುಂದೆ ಹೋಗಬೇಡಿ.

ಎಚ್ಚರಿಕೆಯ ಗುರುತು: ನೀವು "ಯಾರು ಹೇಳಿದರು?" ಎಂದು ಕೇಳಿದಾಗ ಎದುರಿನವರು "ಎಲ್ಲ ಕಡೆ ಬರ್ತಿದೆ" ಎಂದು ಉತ್ತರಿಸಿದರೆ ಅಲ್ಲಿ ಮೂಲವೇ ಇಲ್ಲ ಎಂದು ತಿಳಿಯಿರಿ.

## ಹಂತ 2: ಮೊದಲ ಸುದ್ದಿಯನ್ನು ನಾಲ್ಕು ಸಾಲಿಗೆ ಮಿತಿಗೊಳಿಸುವುದು

ಮೊದಲ ಸುದ್ದಿಯಲ್ಲಿ ಯಾರು, ಯಾವಾಗ, ಎಲ್ಲಿ ಮತ್ತು ಯಾರು ಖಚಿತಪಡಿಸಿದರು ಎಂಬ ನಾಲ್ಕು ಸಂಗತಿಗಳಿದ್ದರೆ ಸಾಕು. ಏಕೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಪುನೀತ್ ಅವರ ವಿಷಯದಲ್ಲಿ ಅಂದು ಮಧ್ಯಾಹ್ನ ಲಭ್ಯವಿದ್ದ ಅಧಿಕೃತ ಮಾಹಿತಿಯನ್ನಷ್ಟೇ ಇಟ್ಟುಕೊಂಡು ಬರೆದರೆ ಸುದ್ದಿ ಹೀಗಿರುತ್ತದೆ:

> ನಟ ಪುನೀತ್ ರಾಜ್‌ಕುಮಾರ್ (46) ಅವರು ಶುಕ್ರವಾರ ಬೆಂಗಳೂರಿನಲ್ಲಿ ನಿಧನರಾದರು. ಅಸ್ವಸ್ಥರಾಗಿದ್ದ ಅವರನ್ನು ಸ್ಪಂದನೆಯಿಲ್ಲದ ಸ್ಥಿತಿಯಲ್ಲಿ ಕರೆತರಲಾಯಿತು, ಆಗಲೇ ಹೃದಯ ಬಡಿತ ನಿಂತಿತ್ತು, ಪುನಶ್ಚೇತನದ ಪ್ರಯತ್ನ ಫಲಿಸಲಿಲ್ಲ ಎಂದು ವಿಕ್ರಂ ಆಸ್ಪತ್ರೆ ತಿಳಿಸಿದೆ. ಮಧ್ಯಾಹ್ನ 2.30ಕ್ಕೆ ನಿಧನ ಘೋಷಿಸಲಾಯಿತು. ಅಂತಿಮ ದರ್ಶನದ ವಿವರಗಳನ್ನು ಕುಟುಂಬ ಮತ್ತು ಸರ್ಕಾರ ಪ್ರಕಟಿಸಿದ ಬಳಿಕ ತಿಳಿಸಲಾಗುವುದು.

ಈ ಸುದ್ದಿಯಲ್ಲಿ ಆಸ್ಪತ್ರೆ ಕಂಡದ್ದು ಇದೆ, ಆಸ್ಪತ್ರೆ ಕಾಣದಿದ್ದ ಬೆಳಗಿನ ಘಟನೆಗಳಿಲ್ಲ. ಬೆಳಿಗ್ಗೆ ವ್ಯಾಯಾಮ ಮಾಡಿದ್ದರು, ಕುಟುಂಬ ವೈದ್ಯರ ಬಳಿ ಹೋಗಿದ್ದರು, ಅಲ್ಲಿಂದ ಆಸ್ಪತ್ರೆಗೆ ಹೊರಟರು ಎಂಬ ವಿವರಗಳು ಆಮೇಲೆ, ಆಯಾ ವ್ಯಕ್ತಿಗಳು ತಾವೇ ಹೇಳಿದಾಗ ಸೇರಿಕೊಳ್ಳುತ್ತವೆ. ಒಂದು ಸಾಲು ಕಡಿಮೆ ಬರೆದದ್ದಕ್ಕಾಗಿ ಓದುಗರು ಸಿಟ್ಟಾದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಶೀರ್ಷಿಕೆಯಲ್ಲಿ "ನಿಧನ" ಎಂಬ ಒಂದು ಪದ ಸಾಕಾಗುತ್ತದೆ. "ದುರಂತ ಅಂತ್ಯ", "ವಿಧಿಯಾಟಕ್ಕೆ ಬಲಿ", "ಸಾವಿನ ರಹಸ್ಯ" ಮುಂತಾದವು ಕಾರಣದ ಬಗ್ಗೆ ಏನೂ ತಿಳಿಯದಿರುವಾಗಲೂ ತಿಳಿದಂತೆ ನಟಿಸುವ ಪದಗಳು. ಥಂಬ್‌ನೇಲ್‌ಗೂ ಇದೇ ನಿಯಮ ಅನ್ವಯಿಸುತ್ತದೆ: ಒಳಗಿನ ವರದಿಯಲ್ಲಿಲ್ಲದ ಒಂದು ಪದವೂ ಥಂಬ್‌ನೇಲ್‌ನಲ್ಲಿ ಇರಕೂಡದು.

## ಹಂತ 3: ಸಾವಿನ ಕಾರಣ

ಅತಿ ಹೆಚ್ಚು ಜನ ಎಡವುವುದು ಈ ಹಂತದಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

"ಹೃದಯಾಘಾತ" ಮತ್ತು "ಹೃದಯ ಸ್ತಂಭನ" ಎಂಬ ಎರಡು ಪದಗಳನ್ನು ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತೇವೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಆ ಸ್ನಾಯುವಿಗೆ ಹಾನಿಯಾಗುವುದು. ಅದು ಒಂದು ಕಾಯಿಲೆ. ಹೃದಯ ಸ್ತಂಭನವೆಂದರೆ ಹೃದಯ ಬಡಿಯುವುದು ನಿಲ್ಲುವುದು. ಅದು ಹೃದಯಾಘಾತದಿಂದಲೂ ಆಗಬಹುದು, ಹೃದಯದ ವಿದ್ಯುತ್ ಲಯ ತಪ್ಪಿದ್ದರಿಂದಲೂ ಆಗಬಹುದು, ಮುಳುಗಿದ್ದರಿಂದ, ವಿಷದಿಂದ, ಅತಿಯಾದ ರಕ್ತಸ್ರಾವದಿಂದಲೂ ಆಗಬಹುದು. ಆಸ್ಪತ್ರೆಯೊಂದು "ಹೃದಯ ಸ್ತಂಭನವಾಗಿತ್ತು" ಎಂದು ಹೇಳಿದರೆ ರೋಗಿ ಯಾವ ಸ್ಥಿತಿಯಲ್ಲಿ ಬಂದರು ಎಂಬುದನ್ನು ಹೇಳಿದಂತಾಯಿತು. ಆ ಸ್ಥಿತಿ ಏಕೆ ಬಂತು ಎಂಬುದನ್ನು ಹೇಳಿದಂತಾಗಲಿಲ್ಲ.

ನಮ್ಮ ದೇಶದ ಕಾನೂನೇ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಆಸ್ಪತ್ರೆಯಲ್ಲಿ ಆದ ಸಾವಿಗೆ ವೈದ್ಯರು ಕೊಡುವ ಕಾರಣದ ಪ್ರಮಾಣಪತ್ರ, ಅಂದರೆ ನಮೂನೆ 4ರಲ್ಲಿ, ಸಾವಿಗೆ ಕಾರಣವಾದ ಕಾಯಿಲೆ, ಗಾಯ ಅಥವಾ ತೊಡಕನ್ನು ಬರೆಯಬೇಕು, ಹೃದಯ ವೈಫಲ್ಯದಂತಹ ಸಾಯುವ ರೀತಿಯನ್ನು ಬರೆಯಬಾರದು ಎಂಬ ಸೂಚನೆಯಿದೆ. ತಕ್ಷಣದ ಕಾರಣ, ಅದಕ್ಕೆ ಹಿಂದಿದ್ದ ಕಾರಣ, ಅದಕ್ಕೂ ಹಿಂದಿನ ಮೂಲ ಕಾರಣ ಎಂದು ಒಂದರ ಕೆಳಗೊಂದು ಸಾಲುಗಳಿರುತ್ತವೆ. ವೈದ್ಯರಿಗೇ ಇಷ್ಟು ಸಾಲು ಯೋಚಿಸಿ ತುಂಬಬೇಕಾದದ್ದನ್ನು ನಾವು ಸ್ಕ್ರಾಲ್‌ನಲ್ಲಿ ಒಂದೇ ಪದಕ್ಕೆ ಇಳಿಸಿಬಿಡುತ್ತೇವೆ.

ಈ ಎಡವಟ್ಟಿಗೆ ಎಲ್ಲರೂ ನೆನಪಿಡಬೇಕಾದ ಪ್ರಕರಣ ಶ್ರೀದೇವಿ ಅವರದು. 2018ರ ಫೆಬ್ರವರಿ 24ರ ರಾತ್ರಿ ಅವರು ದುಬೈನ ಹೋಟೆಲಿನಲ್ಲಿ ತೀರಿಕೊಂಡಾಗ ಮೊದಲು ಬಂದ ಸುದ್ದಿ ಹೃದಯ ಸ್ತಂಭನ ಎಂಬುದು. ಮರುದಿನವಿಡೀ ಚಾನೆಲ್ಲುಗಳಲ್ಲಿ ಆಹಾರ ಪಥ್ಯ, ಸೌಂದರ್ಯ ಚಿಕಿತ್ಸೆ ಮತ್ತು ಹೃದಯದ ಸಂಬಂಧವನ್ನು ಕುರಿತ ಚರ್ಚೆ ನಡೆಯಿತು. 26ರಂದು ದುಬೈ ಅಧಿಕಾರಿಗಳು ಪ್ರಜ್ಞೆ ತಪ್ಪಿ ಸ್ನಾನದ ತೊಟ್ಟಿಯಲ್ಲಿ ಆಕಸ್ಮಿಕವಾಗಿ ಮುಳುಗಿದ್ದರಿಂದ ಸಾವು ಸಂಭವಿಸಿದೆ ಎಂದು ತಿಳಿಸಿದರು. ಆಗ ಚರ್ಚೆ ನಿಲ್ಲಲಿಲ್ಲ, ದಿಕ್ಕು ಬದಲಿಸಿತಷ್ಟೆ. ಸ್ನಾನದ ತೊಟ್ಟಿಯ ಗ್ರಾಫಿಕ್ಸ್ ಮಾಡಿ ಅದರ ಆಳ ಅಳೆಯುವ ಕಾರ್ಯಕ್ರಮಗಳು ಬಂದವು. ಅಲ್ಲಿನ ಪ್ರಾಸಿಕ್ಯೂಷನ್ 27ರಂದು ಪ್ರಕರಣ ಮುಗಿಸಿತು. ಮೂರು ದಿನ ಕಾಯಲಾಗದವರು ಮೂರು ದಿನದಲ್ಲಿ ಎರಡು ಬಾರಿ ತಪ್ಪು ಮಾಡಿದರು.

ಈಗ ಪುನೀತ್ ಅವರ ಪ್ರಕರಣಕ್ಕೆ ಬರೋಣ. ಅವರು ವ್ಯಾಯಾಮ ಮಾಡುವ ಹಳೆಯ ವಿಡಿಯೊಗಳು ಅಂದು ಎಲ್ಲೆಡೆ ಹರಿದಾಡಿದವು. ವಿಡಿಯೊ ಒಂದು ಕಡೆ, ಸಾವಿನ ಸುದ್ದಿ ಇನ್ನೊಂದು ಕಡೆ ಇಟ್ಟು ತೋರಿಸಿದರೆ ಯಾರೂ ಬಾಯಿಬಿಟ್ಟು ಹೇಳದೆಯೇ ನೋಡುಗರು ಜಿಮ್ಮೇ ಕಾರಣವೆಂದು ತೀರ್ಮಾನಿಸುತ್ತಾರೆ. ಲಸಿಕೆಯನ್ನು ದೂಷಿಸುವ ಸಂದೇಶಗಳೂ ಹರಡಿದವು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ಯುವಕರು ತಪಾಸಣೆಗಾಗಿ ಗುಂಪುಗುಂಪಾಗಿ ಬಂದರು, ಗಾಬರಿಪಡಬೇಡಿ ಎಂದು ವೈದ್ಯರು ಮನವಿ ಮಾಡಬೇಕಾಯಿತು. ಮತ್ತೊಂದು ಪರಿಣಾಮ ಇನ್ನೂ ಗಂಭೀರವಾದದ್ದು. ಕುಟುಂಬ ವೈದ್ಯರು ತಡ ಮಾಡಿದರೇ ಎಂಬ ಪ್ರಶ್ನೆ ಎಷ್ಟು ಜೋರಾಯಿತೆಂದರೆ ಅವರ ಮನೆಗೂ ಕ್ಲಿನಿಕ್ಕಿಗೂ ಪೊಲೀಸ್ ಕಾವಲು ಹಾಕಬೇಕಾಯಿತು, ಖಾಸಗಿ ಆಸ್ಪತ್ರೆಗಳ ಸಂಘ ವೈದ್ಯರ ರಕ್ಷಣೆಗಾಗಿ ಸರ್ಕಾರಕ್ಕೆ ಪತ್ರ ಬರೆಯಿತು. ಕಾರಣದ ಬಗೆಗಿನ ಊಹೆಗೆ ಯಾವಾಗಲೂ ಒಬ್ಬ ಆರೋಪಿ ಬೇಕಾಗುತ್ತಾನೆ. ಹಾಗೆ ಸಿಕ್ಕವರು ಜೀವಂತ ಮನುಷ್ಯರಾಗಿರುತ್ತಾರೆ.

ಹಾಗಾದರೆ ಕಾರಣವನ್ನು ಬರೆಯುವುದು ಯಾವಾಗ? ಚಿಕಿತ್ಸೆ ಕೊಟ್ಟ ಆಸ್ಪತ್ರೆ ಕುಟುಂಬದ ಒಪ್ಪಿಗೆಯೊಂದಿಗೆ ಲಿಖಿತವಾಗಿ ತಿಳಿಸಿದಾಗ, ಮರಣೋತ್ತರ ಪರೀಕ್ಷೆಯ ವರದಿಯನ್ನು ಪೊಲೀಸರು ಅಧಿಕೃತವಾಗಿ ಹೇಳಿದಾಗ, ಅಥವಾ ಕುಟುಂಬವೇ ತಿಳಿಸಿದಾಗ. ಅಲ್ಲಿಯವರೆಗೆ ಬರೆಯಬೇಕಾದ ವಾಕ್ಯ ಒಂದೇ: "ಸಾವಿನ ಕಾರಣವನ್ನು ಆಸ್ಪತ್ರೆ ತಿಳಿಸಿಲ್ಲ." ಕುಟುಂಬ ಕಾರಣವನ್ನು ಎಂದಿಗೂ ಹೇಳದಿರಬಹುದು. ಆಗ ಆ ಸಾಲು ಖಾಲಿಯೇ ಉಳಿಯಲಿ.

ಸ್ಟುಡಿಯೊಗೆ ಹೃದ್ರೋಗ ತಜ್ಞರನ್ನು ಕರೆಸುವ ರೂಢಿಯ ಬಗ್ಗೆ ಒಂದು ಮಾತು. ರೋಗಿಯನ್ನು ನೋಡದ ವೈದ್ಯರಿಗೆ ಈ ಸಾವಿನ ಕುರಿತು ನಿಮಗೆ ತಿಳಿದಿರುವುದಕ್ಕಿಂತ ಹೆಚ್ಚೇನೂ ತಿಳಿದಿರುವುದಿಲ್ಲ. ರೋಗಿಯನ್ನು ನೋಡಿದ ವೈದ್ಯರಾದರೆ ರೋಗಿಯ ಗುಟ್ಟು ಕಾಯುವ ವೃತ್ತಿಧರ್ಮಕ್ಕೆ ಬದ್ಧರು. ಎದೆನೋವು ಬಂದಾಗ ಏನು ಮಾಡಬೇಕು ಎಂಬ ಆರೋಗ್ಯ ಕಾರ್ಯಕ್ರಮ ಉಪಯುಕ್ತವೇ. ಅದನ್ನು ಒಂದು ವಾರ ಬಿಟ್ಟು, ತೀರಿಕೊಂಡವರ ಹೆಸರು ಮತ್ತು ಚಿತ್ರಗಳಿಲ್ಲದೆ ಮಾಡಿ.

### "ಅಸಹಜ ಸಾವು" ಎಂಬ ಪದ

ಮನೆಯಲ್ಲೋ ಹೋಟೆಲಿನಲ್ಲೋ ಹಠಾತ್ತಾಗಿ ಸಾವು ಸಂಭವಿಸಿದಾಗ ಪೊಲೀಸರು ಅಸಹಜ ಸಾವು ಪ್ರಕರಣ ದಾಖಲಿಸುವುದುಂಟು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಅಡಿ ಆಗುತ್ತಿದ್ದ ಈ ವಿಚಾರಣೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅಡಿ ನಡೆಯುತ್ತದೆ. ಸಾವು ಹೇಗಾಯಿತು ಎಂದು ತಿಳಿಯಲು ಮಾಡುವ ಕ್ರಮ ಇದು, ಕೊಲೆಯ ಅನುಮಾನದ ಘೋಷಣೆಯಲ್ಲ. "ತಾರೆಯ ಸಾವು ಅಸಹಜ: ಪೊಲೀಸ್ ಕೇಸ್" ಎಂಬ ಶೀರ್ಷಿಕೆ ಅಕ್ಷರಶಃ ಸರಿಯಿದ್ದೂ ಓದುಗರನ್ನು ದಾರಿ ತಪ್ಪಿಸುತ್ತದೆ. "ಕಾರಣ ತಿಳಿಯಲು ಪೊಲೀಸರು ಕಾನೂನಿನಂತೆ ವಿಚಾರಣೆ ದಾಖಲಿಸಿದ್ದಾರೆ" ಎಂದು ಬರೆದರೆ ಸತ್ಯವೂ ಉಳಿಯುತ್ತದೆ, ಅನುಮಾನವೂ ಹುಟ್ಟುವುದಿಲ್ಲ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಅಭಿಪ್ರಾಯ ಕಾಯ್ದಿರಿಸಿ ಅಂಗಾಂಶದ ಮಾದರಿಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವುದೂ ಸಾಮಾನ್ಯ. ಆ ವರದಿ ಬರಲು ವಾರಗಳೇ ಹಿಡಿಯಬಹುದು; ತಡವಾಗುತ್ತಿದೆ ಎಂಬುದೇ ಸುದ್ದಿಯಲ್ಲ.

## ಹಂತ 4: ಬರೆದದ್ದನ್ನು ವಾಕ್ಯ ವಾಕ್ಯವಾಗಿ ಶೋಧಿಸುವುದು

ಕನ್ನಡದಲ್ಲಿ ಗಾಳಿಮಾತು ಸುದ್ದಿಯೊಳಗೆ ನುಸುಳುವ ದಾರಿ ಎರಡು. ಒಂದು "ಎನ್ನಲಾಗಿದೆ", ಇನ್ನೊಂದು ಪ್ರಶ್ನಾರ್ಥಕ ಚಿಹ್ನೆ.

"ಎನ್ನಲಾಗಿದೆ", "ಎಂದು ಹೇಳಲಾಗುತ್ತಿದೆ", "ತಿಳಿದುಬಂದಿದೆ", "ಆಪ್ತ ಮೂಲಗಳ ಪ್ರಕಾರ" ಎಂಬ ರೂಪಗಳಲ್ಲಿ ಹೇಳಿದವರು ಮಾಯವಾಗಿರುತ್ತಾರೆ. ಪ್ರತಿಯನ್ನು ಕಳಿಸುವ ಮೊದಲು ಈ ನಾಲ್ಕನ್ನೂ ಹುಡುಕಿ, ಪ್ರತಿಯೊಂದರ ಜಾಗದಲ್ಲಿ ವ್ಯಕ್ತಿಯ ಹೆಸರು ಅಥವಾ ಹುದ್ದೆ ಹಾಕಲು ಪ್ರಯತ್ನಿಸಿ. ಹಾಕಲು ಬಂದರೆ ವಾಕ್ಯ ಉಳಿಯಲಿ. ಬರದಿದ್ದರೆ ವಾಕ್ಯವನ್ನೇ ಅಳಿಸಿ. ಹೀಗೊಂದು ಸಾಲು ನಮ್ಮ ಡೆಸ್ಕಿಗೆ ಬಂದಿತ್ತು ಎಂದಿಟ್ಟುಕೊಳ್ಳಿ: "ಕೆಲ ದಿನಗಳಿಂದ ಅವರು ಒತ್ತಡದಲ್ಲಿದ್ದರು, ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ ಎನ್ನಲಾಗಿದೆ." ಯಾರು ಎಂದರು ಎಂದು ವರದಿಗಾರರನ್ನು ಕೇಳಿದರೆ ಚಿತ್ರೀಕರಣದ ಸೆಟ್ಟಿನಲ್ಲಿದ್ದ ಒಬ್ಬರು ಎನ್ನುತ್ತಾರೆ. ಅವರು ಕೊನೆಯ ಸಲ ನಟರನ್ನು ನೋಡಿದ್ದು ಯಾವಾಗ ಎಂದರೆ ಎರಡು ತಿಂಗಳ ಹಿಂದೆ. ಎರಡೇ ಪ್ರಶ್ನೆಗೆ ಕುಸಿದುಬಿದ್ದ ಈ ಸಾಲು ಪ್ರಕಟವಾಗಿದ್ದರೆ ಹತ್ತು ಪೋರ್ಟಲ್‌ಗಳಲ್ಲಿ "ಒತ್ತಡವೇ ಮುಳುವಾಯಿತೇ?" ಎಂದು ಹುಟ್ಟಿಬರುತ್ತಿತ್ತು.

ಪ್ರಶ್ನಾರ್ಥಕ ಚಿಹ್ನೆ ಇರುವ ಶೀರ್ಷಿಕೆಗಳಿಗೆ ಪರೀಕ್ಷೆ ಸುಲಭ: ಆ ಪ್ರಶ್ನೆಗೆ ವರದಿಯೊಳಗೆ ಖಚಿತ ಉತ್ತರವಿದೆಯೇ ನೋಡಿ. ಉತ್ತರವಿದ್ದರೆ ಅದನ್ನೇ ಶೀರ್ಷಿಕೆ ಮಾಡಿ. ಇಲ್ಲದಿದ್ದರೆ ಆ ಶೀರ್ಷಿಕೆ ಹೊರಿಸುವುದು ಆಪಾದನೆಯನ್ನು, ಚಿಹ್ನೆ ಅದಕ್ಕೆ ಹೊದಿಸಿದ ಮುಸುಕು.

ವದಂತಿಯನ್ನು ಅಲ್ಲಗಳೆಯುವ ಸುದ್ದಿಯಲ್ಲೂ ಎಚ್ಚರ ಬೇಕು. ವದಂತಿ ಈಗಾಗಲೇ ವ್ಯಾಪಕವಾಗಿ ಹರಡಿ ಯಾರಿಗಾದರೂ ಹಾನಿ ಮಾಡುತ್ತಿದ್ದರೆ ಮಾತ್ರ ಅದನ್ನು ಎತ್ತಿಕೊಳ್ಳಿ, ಶೀರ್ಷಿಕೆಯಲ್ಲಿ ವದಂತಿಯ ಬದಲು ಸತ್ಯಾಂಶವನ್ನೇ ಇಡಿ. ಐವತ್ತು ಜನ ಹಂಚಿಕೊಂಡ ಸುಳ್ಳನ್ನು ಅಲ್ಲಗಳೆಯಲು ಹೋಗಿ ಐದು ಲಕ್ಷ ಜನರಿಗೆ ತಲುಪಿಸುವುದು ನಡೆದೇ ಇದೆ.

## ಹಂತ 5: ಕುಟುಂಬದಿಂದ ಎಷ್ಟು ದೂರ ನಿಲ್ಲಬೇಕು

ದುಃಖದಲ್ಲಿರುವವರ ಖಾಸಗಿತನಕ್ಕೆ ನುಗ್ಗಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿಗಳಲ್ಲಿದೆ. ನಿಯಮ ಎಲ್ಲರಿಗೂ ಗೊತ್ತು. ಸ್ಥಳದಲ್ಲಿ ಅದನ್ನು ಪಾಲಿಸುವುದು ಹೇಗೆಂಬುದೇ ತಿಳಿಯುವುದಿಲ್ಲ. ಸಾರ್ವಜನಿಕ ಜಾಗ ಮತ್ತು ಮನೆ ಎಂಬ ಎರಡನ್ನು ಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಪುನೀತ್ ಅವರ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಲ್ಲಿ ಸಾರ್ವಜನಿಕ ದರ್ಶನಕ್ಕೆ ಇರಿಸಲಾಗಿತ್ತು. ಅಲ್ಲಿನ ಸಾಲು, ಗಣ್ಯರ ಭೇಟಿ, ಅಭಿಮಾನಿಗಳ ಮಾತು ವರದಿಗೆ ಯೋಗ್ಯವಾದವು. ಸದಾಶಿವನಗರದ ಮನೆ ಹಾಗಲ್ಲ. ಬೀದಿಯ ತುದಿಯಲ್ಲಿ ಪೊಲೀಸ್ ಬ್ಯಾರಿಕೇಡ್ ಇದ್ದರೆ ಅಲ್ಲೇ ನಿಲ್ಲಿ. ಇಲ್ಲದಿದ್ದರೆ ಗೇಟು ಮತ್ತು ಕಿಟಕಿಗಳು ಚೌಕಟ್ಟಿನಲ್ಲಿ ಬಾರದಷ್ಟು ಹಿಂದಕ್ಕೆ ಸರಿಯಿರಿ. ಡ್ರೋನ್ ಬೇಡ, ಎದುರುಮನೆಯ ತಾರಸಿ ಬೇಡ.

ಸಾರ್ವಜನಿಕ ಜಾಗದಲ್ಲೂ ಕೆಲವು ಕ್ಷಣಗಳು ಸಾರ್ವಜನಿಕವಲ್ಲ. ಅಂದು ಹಿರಿಯ ಮಗಳು ಅಮೆರಿಕದಿಂದ ಬರಬೇಕಿತ್ತು, ಅವರಿಗಾಗಿ ಅಂತ್ಯಸಂಸ್ಕಾರವನ್ನು ಮುಂದಕ್ಕೆ ಹಾಕಿ ಅಕ್ಟೋಬರ್ 31ರ ಭಾನುವಾರ ಬೆಳಿಗ್ಗೆ ಕಂಠೀರವ ಸ್ಟುಡಿಯೊದಲ್ಲಿ ನೆರವೇರಿಸಲಾಯಿತು. ಮಗಳು ಬರುವ ಕಾರಣದಿಂದ ಸಮಯ ಬದಲಾಗಿದೆ ಎಂಬುದು ಜನರಿಗೆ ಬೇಕಾದ ಮಾಹಿತಿ. ವಿಮಾನದ ಸಂಖ್ಯೆ, ಇಳಿಯುವ ಹೊತ್ತು, ವಿಮಾನ ನಿಲ್ದಾಣದಿಂದ ಹಿಂಬಾಲಿಸುವ ಕಾರು, ತಂದೆಯ ಮುಖವನ್ನು ಮೊದಲು ನೋಡಿದ ಗಳಿಗೆಯ ನಿಧಾನಗತಿಯ ದೃಶ್ಯ, ಇವು ಯಾವುವೂ ಬೇಡ. ಹೊಸದಾಗಿ ಸೇರಿದ ಕ್ಯಾಮೆರಾ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇಷ್ಟು: ಕುಟುಂಬದವರು ಶರೀರದ ಬಳಿ ಬಂದಾಗ ಲೆನ್ಸನ್ನು ಜನಸಾಲಿನ ಕಡೆ ತಿರುಗಿಸಿ, ಅವರು ಎದ್ದು ಹೋದ ಮೇಲೆ ಮರಳಿ ತನ್ನಿ. ಕಡಿಮೆಯೆಂದರೂ ಆ ಎರಡು ನಿಮಿಷ ಅವರದಾಗಿರಲಿ.

ಒಮ್ಮೆ ಜಿಲ್ಲಾ ಕೇಂದ್ರವೊಂದರಲ್ಲಿ ರಂಗಭೂಮಿಯಿಂದ ಸಿನಿಮಾಕ್ಕೆ ಹೋಗಿದ್ದ ಕಲಾವಿದರೊಬ್ಬರ ಮನೆಯ ಮುಂದೆ ನಿಂತಿದ್ದೆ. ಆರೆಂಟು ಮೈಕುಗಳು ಅವರ ವಯಸ್ಸಾದ ತಾಯಿಯ ಮುಂದೆ ಚಾಚಿಕೊಂಡಿದ್ದವು. "ಅಮ್ಮಾ, ಈಗ ಹೇಗನ್ನಿಸ್ತಿದೆ?" ಎಂದು ಒಬ್ಬರು ಕೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡಿದ್ರೇನಪ್ಪಾ ನೀವೆಲ್ಲ?" ಎಂದರು. ಆ ಬೈಟ್ ಅಂದು ಸಂಜೆ "ಮಗನ ಸಾವಿನ ಆಘಾತಕ್ಕೆ ತಾಯಿಯ ಸ್ಥಿತಿ" ಎಂಬ ಪಟ್ಟಿಯಡಿ ಪ್ರಸಾರವಾಯಿತು. ಮನೆ ಬಾಗಿಲಿಗೆ ಬಂದವರನ್ನು ಹಸಿದು ಕಳಿಸಬಾರದೆಂಬ ಆಕೆಯ ಮಾತನ್ನು ಹಾಗೆ ಬಳಸಿದ್ದನ್ನು ನೋಡಿ ನನಗಾದ ನೋವು ಇನ್ನೂ ಹಾಗೇ ಇದೆ. "ಹೇಗನ್ನಿಸುತ್ತಿದೆ" ಎಂಬ ಪ್ರಶ್ನೆಯನ್ನು ಅಂದಿನಿಂದ ನಾನು ಯಾರಿಗೂ ಕೇಳಿಲ್ಲ, ಕೇಳಲು ಯಾರನ್ನೂ ಕಳಿಸಿಯೂ ಇಲ್ಲ.

ಕುಟುಂಬದ ಮಾತು ಬೇಕೇ ಬೇಕು ಎನಿಸಿದರೆ ಎಲ್ಲ ಮಾಧ್ಯಮಗಳ ಪರವಾಗಿ ಒಬ್ಬರು, ಹಿರಿಯ ಸಂಬಂಧಿ ಅಥವಾ ಮ್ಯಾನೇಜರ್ ಮೂಲಕ, ಒಂದೇ ಒಂದು ಬಾರಿ ಕೇಳಿಸಿ. ಉತ್ತರ ಬಾರದಿರುವುದನ್ನು ನಿರಾಕರಣೆ ಎಂದೇ ತಿಳಿಯಿರಿ. "ಕುಟುಂಬ ಮೌನ" ಎಂದು ಅದನ್ನೇ ಸುದ್ದಿ ಮಾಡಬೇಡಿ. ಹದಿನೆಂಟು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಕೇಳುವ ಪ್ರಶ್ನೆಯೇ ಇಲ್ಲ: ಅವರ ಅಳುವ ಮುಖ, ಶಾಲೆಯ ಹೆಸರು, ಸಾಮಾಜಿಕ ಜಾಲತಾಣದ ಖಾತೆಯಿಂದ ಎತ್ತಿದ ಚಿತ್ರ ಯಾವುದೂ ಬರಬಾರದು. ಪಾರ್ಥಿವ ಶರೀರದ ಸಮೀಪದ ಚಿತ್ರ ಮತ್ತು ಆಸ್ಪತ್ರೆಯ ಒಳಗಿನ ಮೊಬೈಲ್ ವಿಡಿಯೊ ಕೈಗೆ ಬಂದರೆ ಉಳಿಸಿಕೊಳ್ಳಬೇಡಿ, ಗುಂಪಿಗೆ ಹಂಚಬೇಡಿ. ನಮ್ಮ ಕಚೇರಿಯ ಗುಂಪಿನಿಂದಲೇ ಅದು ಹೊರಗೆ ಹೋಗುವ ಸಾಧ್ಯತೆ ಹೆಚ್ಚು.

## ಹಂತ 6: ಅಭಿಮಾನಿಗಳಿಗೆ ಬೇಕಾದ ಮಾಹಿತಿಯನ್ನು ಕೊಡುವುದು

ಸಂಯಮವೆಂದರೆ ಮೌನವಾಗಿರುವುದಲ್ಲ. ಒಂದು ಬಗೆಯ ಮಾಹಿತಿಯನ್ನು ಎಷ್ಟು ಬೇಗ, ಎಷ್ಟು ಸಲ ಕೊಟ್ಟರೂ ಸಾಲದು: ಪಾರ್ಥಿವ ಶರೀರ ಎಲ್ಲಿದೆ, ದರ್ಶನ ಎಷ್ಟು ಹೊತ್ತಿನವರೆಗೆ, ಯಾವ ಗೇಟಿನಿಂದ ಪ್ರವೇಶ, ಯಾವ ರಸ್ತೆ ಮುಚ್ಚಿದೆ, ಅಂತ್ಯಸಂಸ್ಕಾರಕ್ಕೆ ಸಾರ್ವಜನಿಕರಿಗೆ ಪ್ರವೇಶವಿದೆಯೇ ಇಲ್ಲವೇ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ಜನಸಂದಣಿ ಹತೋಟಿ ಮೀರಿ, ಗಲಭೆಯಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಎಲ್ಲಿಗೆ ಹೋಗಬೇಕೆಂದು ತಿಳಿಯದ ಲಕ್ಷಾಂತರ ಜನ ಬೀದಿಯಲ್ಲಿದ್ದಾಗ ಒಂದು ತಪ್ಪು ಸ್ಕ್ರಾಲ್ ಎಷ್ಟು ಅಪಾಯಕಾರಿ ಎಂಬುದನ್ನು ಆ ಎರಡು ದಿನ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ವಿವರಗಳನ್ನು ಪೊಲೀಸ್ ನಿಯಂತ್ರಣ ಕೊಠಡಿ ಅಥವಾ ಜಿಲ್ಲಾಡಳಿತದಿಂದ ಪಡೆದು, ಪಡೆದ ಸಮಯವನ್ನು ಪಕ್ಕದಲ್ಲಿ ಬರೆದು ಪ್ರಕಟಿಸಿ.

ಅಭಿಮಾನಿಗಳ ಸಾವಿನ ವರದಿಯನ್ನು ಅತ್ಯಂತ ಜೋಪಾನವಾಗಿ ನಿಭಾಯಿಸಬೇಕು. 2021ರಲ್ಲಿ ಆ ದಿನಗಳಲ್ಲಿ ರಾಜ್ಯದ ಕೆಲವೆಡೆ ಅಭಿಮಾನಿಗಳು ಪ್ರಾಣ ಕಳೆದುಕೊಂಡರು, ಹಾಗೆ ಮಾಡಿಕೊಳ್ಳಬೇಡಿರೆಂದು ಪುನೀತ್ ಅವರ ಕುಟುಂಬವೇ ಬೇಡಿಕೊಂಡಿತು. ಪತ್ರಿಕಾ ಮಂಡಳಿ 2019ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಯಂತೆ ಇಂತಹ ಸುದ್ದಿಯಲ್ಲಿ ವಿಧಾನದ ವಿವರ ಇರಬಾರದು, ಶೀರ್ಷಿಕೆ ಅಬ್ಬರಿಸಬಾರದು, ಚಿತ್ರ ಇರಬಾರದು. ನಮ್ಮ ಭಾಷೆಯಲ್ಲಿ ಇದಕ್ಕೆ ಸೇರಿಸಬೇಕಾದ ಎರಡು ನಿಷೇಧಗಳಿವೆ. "ಆತ್ಮಹತ್ಯೆಗೆ ಶರಣು" ಎಂದು ಬರೆಯಬೇಡಿ, ಅದರಲ್ಲಿ ಆಶ್ರಯ ಸಿಕ್ಕಿತೆಂಬ ಧ್ವನಿಯಿದೆ. "ಅಪ್ಪುವಿನ ಬಳಿಗೆ ಹೊರಟ ಅಭಿಮಾನಿ" ಎಂಬಂಥ ಸಾಲುಗಳನ್ನಂತೂ ಬರೆಯಲೇಬೇಡಿ. ಎಳೆಯ ಮನಸ್ಸೊಂದು ಅದನ್ನು ಕರೆಯೆಂದೇ ಓದಿಕೊಳ್ಳುತ್ತದೆ. ಪುನೀತ್ ಅವರ ಕಣ್ಣುಗಳನ್ನು ನಾರಾಯಣ ನೇತ್ರಾಲಯಕ್ಕೆ ದಾನ ಮಾಡಿದ ನಂತರ ನೇತ್ರದಾನಕ್ಕೆ ಹೆಸರು ನೋಂದಾಯಿಸಿದವರ ಸಾಲು ಬೆಳೆಯಿತು. ಅದನ್ನು ವರದಿ ಮಾಡುವಾಗ, ದಾನವೆಂದರೆ ಸಹಜವಾಗಿ ಬಂದ ಸಾವಿನ ನಂತರದ್ದು, ಈಗ ಮಾಡಬೇಕಾದದ್ದು ನೋಂದಣಿ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿರಿ. ಇಂತಹ ಪ್ರತಿ ಸುದ್ದಿಯ ಕೆಳಗೂ ಟೆಲಿ ಮಾನಸ್ ಸಹಾಯವಾಣಿ 14416 ಇರಲಿ.

ತಾರೆಯ ಸಾವೇ ಆತ್ಮಹತ್ಯೆಯೆಂದು ಪೊಲೀಸರು ಹೇಳಿದ ಸಂದರ್ಭದಲ್ಲೂ ಇದೇ ನಿಯಮಗಳು ಇನ್ನಷ್ಟು ಕಟ್ಟುನಿಟ್ಟಾಗಿ ಅನ್ವಯಿಸುತ್ತವೆ. ಸುಶಾಂತ್ ಸಿಂಗ್ ರಜಪೂತ್ ಪ್ರಕರಣದ ವರದಿಗಾರಿಕೆಯನ್ನು ಕುರಿತು 2021ರ ಜನವರಿಯಲ್ಲಿ ತೀರ್ಪು ಕೊಟ್ಟ ಬಾಂಬೆ ಹೈಕೋರ್ಟ್, ತೀರಿಕೊಂಡವರನ್ನು ದುರ್ಬಲ ಮನಸ್ಸಿನವರೆಂದು ಚಿತ್ರಿಸುವುದನ್ನೂ ಘಟನೆಯನ್ನು ಮರುಸೃಷ್ಟಿಸಿ ತೋರಿಸುವುದನ್ನೂ ಮಾಧ್ಯಮಗಳು ಬಿಡಬೇಕೆಂದು ಹೇಳಿದೆ.

## ಹಂತ 7: ತಪ್ಪು ಪ್ರಕಟವಾಗಿಬಿಟ್ಟರೆ

ಸದ್ದಿಲ್ಲದೆ ಅಳಿಸಿಹಾಕುವುದು ಎಲ್ಲರೂ ಮಾಡುವ ಮೊದಲ ಕೆಲಸ, ಅದೇ ಎರಡನೆಯ ತಪ್ಪು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಹೊರಟುಹೋಗಿರುತ್ತದೆ, ನಿಮ್ಮ ಲಾಂಛನದೊಂದಿಗೆ ಅದು ತಿರುಗುತ್ತಿರುತ್ತದೆ, ಅದನ್ನು ನಂಬಿದವರಿಗೆ ತಿದ್ದುಪಡಿ ಮಾತ್ರ ತಲುಪಿರುವುದಿಲ್ಲ. ಮೊದಲು ಸುದ್ದಿಯನ್ನು ಸರಿಪಡಿಸಿ. ಅನಂತರ ತಪ್ಪು ಎಲ್ಲೆಲ್ಲಿ ಹೋಗಿತ್ತೋ ಅಲ್ಲಲ್ಲೇ, ಅಂದರೆ ಸ್ಕ್ರಾಲ್‌ನಲ್ಲಿ ಹೋಗಿದ್ದರೆ ಸ್ಕ್ರಾಲ್‌ನಲ್ಲಿ, ನೋಟಿಫಿಕೇಶನ್ ಹೋಗಿದ್ದರೆ ಮತ್ತೊಂದು ನೋಟಿಫಿಕೇಶನ್ ಮೂಲಕ ತಿದ್ದುಪಡಿ ಕಳಿಸಿ. ತಪ್ಪನ್ನು ಮತ್ತೆ ಪೂರ್ತಿ ವಿವರಿಸದೆ, ಯಾವುದನ್ನು ತೆಗೆಯಲಾಗಿದೆ ಎಂದಷ್ಟೇ ಹೇಳಿ:

> ಇಂದು ಮಧ್ಯಾಹ್ನ 1.50ಕ್ಕೆ ಪ್ರಕಟಿಸಿದ್ದ ವರದಿಯಲ್ಲಿ ಸಾವಿನ ಕಾರಣವನ್ನು ಕುರಿತ ವಾಕ್ಯ ಅಧಿಕೃತ ಮಾಹಿತಿಯನ್ನು ಆಧರಿಸಿರಲಿಲ್ಲ. ಅದನ್ನು ತೆಗೆದುಹಾಕಿದ್ದೇವೆ. ಕಾರಣವನ್ನು ಆಸ್ಪತ್ರೆ ಇನ್ನೂ ತಿಳಿಸಿಲ್ಲ. ಕುಟುಂಬದವರ ಮತ್ತು ಓದುಗರ ಕ್ಷಮೆ ಕೋರುತ್ತೇವೆ.

ಇದಾದ ಮೇಲೆ ಹಲಗೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಹನ್ನೊಂದನೆಯ ದಿನದ ಕಾರ್ಯಕ್ಕೆ ಮತ್ತೆ ವರದಿ ಬರೆಯಬೇಕಾಗುತ್ತದೆ, ಒಂದು ವರ್ಷದ ಪುಣ್ಯತಿಥಿಗೂ ಬರೆಯಬೇಕಾಗುತ್ತದೆ. ಹಳೆಯ ವರದಿಗಳಿಂದ ಸಾಲುಗಳನ್ನು ಎತ್ತಿಕೊಳ್ಳುವ ಹೊಸಬರಿಗೆ ಯಾವುದು "ಖಚಿತ" ಕಾಲಂನಲ್ಲಿತ್ತು, ಯಾವುದು ಕೊನೆಯವರೆಗೂ ಮೂರನೆಯ ಕಾಲಂನಲ್ಲೇ ಉಳಿಯಿತು ಎಂಬುದು ಆ ಚಿತ್ರದಿಂದ ತಿಳಿಯುತ್ತದೆ.